ಚೀಟಿಯಿಲ್ಲದೆ ಕೊಳ್ಳುವ ನಿಮಿರುವಿಕೆ ಗುಳಿಗೆ: ಒಳಗೇನಿದೆ ಎಂಬುದು ಯಾರಿಗೂ ತಿಳಿಯದು

ನಿಮಿರುವಿಕೆಯ ತೊಂದರೆಯುಳ್ಳ ಪುರುಷರು ವೈದ್ಯರ ಬಳಿಗೆ ಹೋಗದಿರಲು ನಾಚಿಕೆಯೇ ಮುಖ್ಯ ಕಾರಣ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯಂತಹ ಊರುಗಳಲ್ಲಿ ಈ ನಾಚಿಕೆ ಇನ್ನೂ ಹೆಚ್ಚು. ಅಲ್ಲಿ ವೈದ್ಯರೂ ಔಷಧಿ ಅಂಗಡಿಯವರೂ ಮನೆಯವರಿಗೆಲ್ಲ ಪರಿಚಿತರೇ ಆಗಿರುತ್ತಾರೆ. ಹೀಗಾಗಿ ಗುರುತಿಲ್ಲದ ರಸ್ತೆ ಬದಿಯ ಡೇರೆಯೋ, ಅಂಚೆಯಲ್ಲಿ ಪೊಟ್ಟಣ ಕಳುಹಿಸುವ ಜಾಲತಾಣವೋ ಅನುಕೂಲವೆನಿಸುತ್ತದೆ. ಆದರೆ ಅಲ್ಲಿ ಕೊಂಡ ಗುಳಿಗೆಯ ದೊಡ್ಡ ಅಪಾಯ ಅದು ಕೆಲಸ ಮಾಡದಿರುವುದಲ್ಲ. ಅದರೊಳಗೇನಿದೆ ಎಂಬುದು ನುಂಗಿದವರಿಗೂ ತಿಳಿಯದು, ತುರ್ತು ಸಂದರ್ಭದಲ್ಲಿ ಚಿಕಿತ್ಸೆ ನೀಡುವ ವೈದ್ಯರಿಗೂ ತಿಳಿಯದು.

ಅಸಲಿ ಗುಳಿಗೆಗೂ ಚೀಟಿ ಏಕೆ?

ಈ ಗುಳಿಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಲ್ಡೆನಾಫಿಲ್. 1998ರಲ್ಲಿ ಅಮೆರಿಕದಲ್ಲಿ ‘ವಯಾಗ್ರಾ’ ಹೆಸರಿನಲ್ಲಿ ಮೊದಲು ಅನುಮತಿ ಪಡೆದ ಔಷಧ ಇದೇ. ಇದು ಕಾಮಾಸಕ್ತಿ ಹುಟ್ಟಿಸುವ ಔಷಧವಲ್ಲ. ಉದ್ರೇಕವಾದಾಗ ಶಿಶ್ನದ ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬಿಕೊಳ್ಳಲು ನೆರವಾಗುತ್ತದೆ, ಅಷ್ಟೇ. ಸಾಮಾನ್ಯವಾಗಿ 50 ಮಿಲಿಗ್ರಾಂ ಗುಳಿಗೆಯನ್ನು ಸುಮಾರು ಒಂದು ಗಂಟೆ ಮೊದಲು, ದಿನಕ್ಕೆ ಒಮ್ಮೆ ಮಾತ್ರ ಸೇವಿಸಲು ಸೂಚಿಸಲಾಗುತ್ತದೆ. 65 ವರ್ಷ ದಾಟಿದವರಿಗೆ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯುಳ್ಳವರಿಗೆ 25 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಜಿಡ್ಡಿನ ಊಟದ ನಂತರ ನುಂಗಿದರೆ ಪರಿಣಾಮ ತಡವಾಗುತ್ತದೆ. ಇದನ್ನರಿಯದವರು ಗುಳಿಗೆ ಕೆಲಸ ಮಾಡಲಿಲ್ಲವೆಂದು ಭಾವಿಸಿ ಇನ್ನೊಂದನ್ನು ನುಂಗುತ್ತಾರೆ.

ಸಡಿಲಗೊಳ್ಳುವುದು ಶಿಶ್ನದ ರಕ್ತನಾಳಗಳಷ್ಟೇ ಅಲ್ಲ. ಇಡೀ ದೇಹದ ರಕ್ತದೊತ್ತಡ ತುಸು ಇಳಿಯುತ್ತದೆ. ಆರೋಗ್ಯವಂತರಿಗೆ ಇದರಿಂದ ತಲೆನೋವು, ಮುಖ ಕೆಂಪಾಗುವಿಕೆ ಉಂಟಾದೀತು. ಆದರೆ ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಔಷಧಗಳೊಂದಿಗೆ ಇದು ಸೇರಿದರೆ ಪ್ರಾಣಕ್ಕೇ ಕುತ್ತು. ರಕ್ತನಾಳಗಳನ್ನು ಹಿಗ್ಗಿಸುವ ಒಂದೇ ರಾಸಾಯನಿಕವನ್ನು ಎರಡೂ ಹೆಚ್ಚಿಸುತ್ತವೆ. ನೈಟ್ರೇಟ್ ನಲ್ಲಿಯನ್ನು ಪೂರ್ತಿ ತಿರುವಿದರೆ, ಸಿಲ್ಡೆನಾಫಿಲ್ ನೀರು ಹೊರಹೋಗುವ ದಾರಿಯನ್ನು ಮುಚ್ಚಿದಂತೆ. ರಕ್ತದೊತ್ತಡ ಒಮ್ಮೆಲೇ ಕುಸಿದು ಹೃದಯಕ್ಕೇ ರಕ್ತ ಸಾಲದಾಗುತ್ತದೆ. ಆದ್ದರಿಂದ ಸಿಲ್ಡೆನಾಫಿಲ್ ಸೇವಿಸಿದ 24 ಗಂಟೆಗಳವರೆಗೆ, ದೇಹದಲ್ಲಿ ಹೆಚ್ಚು ಕಾಲ ಉಳಿಯುವ ಟಡಾಲಾಫಿಲ್ ಸೇವಿಸಿದ್ದರೆ 48 ಗಂಟೆಗಳವರೆಗೆ ವೈದ್ಯರು ನೈಟ್ರೇಟ್ ಕೊಡುವುದಿಲ್ಲ.

ಈ ಕಾರಣದಿಂದಲೇ ಸಿಲ್ಡೆನಾಫಿಲ್ ಅನ್ನು 1945ರ ಔಷಧ ನಿಯಮಾವಳಿಯ ‘ಎಚ್’ ಅನುಸೂಚಿಯಲ್ಲಿ ಇರಿಸಲಾಗಿದೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಇದನ್ನು ಅಂಗಡಿಯಲ್ಲಾಗಲೀ ಜಾಲತಾಣದಲ್ಲಾಗಲೀ ಮಾರುವಂತಿಲ್ಲ.

‘ಗಿಡಮೂಲಿಕೆ’ಯೆಂಬ ಮುಸುಕು

ಮೇಲಿನ ಎಚ್ಚರಿಕೆಯನ್ನು ಪಾಲಿಸಬೇಕಾದರೆ ನುಂಗಿದ್ದು ಸಿಲ್ಡೆನಾಫಿಲ್ ಎಂಬುದು ಗೊತ್ತಿರಬೇಕು. ಡೇರೆಯ ಪುಡಿ, ಲೇಹ್ಯ, ಕ್ಯಾಪ್ಸೂಲುಗಳಲ್ಲಿ ತೊಡಕಾಗುವುದು ಇಲ್ಲಿಯೇ. ‘ಶುದ್ಧ ಗಿಡಮೂಲಿಕೆ’ ಎಂದು ಮಾರಾಟವಾಗುವ ಕಾಮೋತ್ತೇಜಕಗಳಲ್ಲಿ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಬೆರೆಸಿರುವುದನ್ನು ಹಲವು ದೇಶಗಳ ಔಷಧ ಪ್ರಾಧಿಕಾರಗಳು ಮತ್ತೆ ಮತ್ತೆ ಪತ್ತೆಹಚ್ಚಿವೆ. ಹೃದ್ರೋಗಿಯೊಬ್ಬ ಇಂಗ್ಲಿಷ್ ಔಷಧಿ ಬೇಡವೆಂದು ಮೂಲಿಕೆ ಸೇವಿಸಿ, ರಾತ್ರಿ ಎದೆನೋವು ಬಂದಾಗ ಸಾರ್ಬಿಟ್ರೇಟ್ ಇಟ್ಟುಕೊಂಡರೆ ಆಗುವ ಅನಾಹುತವನ್ನು ಊಹಿಸಬಹುದು.

ರಾಜ್ಯದಲ್ಲಿ ಇತ್ತೀಚೆಗೆ ಬೆಳಕಿಗೆ ಬಂದ ಪ್ರಕರಣವೊಂದು 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪೊಲೀಸ್ ಠಾಣೆಗೆ ಬಂದ ದೂರು. ಲೈಂಗಿಕ ಸಮಸ್ಯೆಗೆ ಪರಿಹಾರ ಅರಸಿ ರಸ್ತೆ ಬದಿಯ ಡೇರೆಯೊಂದಕ್ಕೆ ಹೋದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು, ಅಪರೂಪದ ಮೂಲಿಕೆಯ ಹೆಸರಿನಲ್ಲಿ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡಿದ್ದಾಗಿಯೂ, ಆ ಔಷಧದಿಂದ ಮೂತ್ರಪಿಂಡಕ್ಕೆ ಹಾನಿಯಾಗಿದೆಯೆಂದೂ ದೂರಿದ್ದರು. ಸುಶಿಕ್ಷಿತರೂ ಮೋಸ ಹೋಗಬಲ್ಲರೆಂಬುದಕ್ಕೆ ಇದು ನಿದರ್ಶನ.

ಸಿಂಗಪುರದ ಪಾಠ

ಬೆರಕೆ ಎಷ್ಟು ಅನಿರೀಕ್ಷಿತವಾಗಿರಬಹುದು ಎಂಬುದನ್ನು 2008ರ ಸಿಂಗಪುರದ ಘಟನೆ ತೋರಿಸಿತು. ಆ ವರ್ಷದ ಮೊದಲ ಐದು ತಿಂಗಳಲ್ಲಿ, ಮಧುಮೇಹವೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ತೀವ್ರವಾಗಿ ಕುಸಿದು ಅಲ್ಲಿನ ಐದು ಸರ್ಕಾರಿ ಆಸ್ಪತ್ರೆಗಳಿಗೆ ದಾಖಲಾದರು. ಕಾರಣ ಹುಡುಕಿದ ವೈದ್ಯರಿಗೆ 127 ಮಂದಿಯ ರಕ್ತದಲ್ಲಿ ಸಿಕ್ಕಿದ್ದು ಗ್ಲಿಬೆನ್‌ಕ್ಲಮೈಡ್, ಅಂದರೆ ಮಧುಮೇಹಿಗಳು ಸಕ್ಕರೆ ಇಳಿಸಲು ಸೇವಿಸುವ ಔಷಧ. ಅದು ಬಂದದ್ದು ನಕಲಿ ಟಡಾಲಾಫಿಲ್ ಗುಳಿಗೆ ಮತ್ತು ‘ಮೂಲಿಕೆ’ ಕ್ಯಾಪ್ಸೂಲುಗಳಿಂದ. ಅವುಗಳಲ್ಲಿ 13ರಿಂದ 100 ಮಿಲಿಗ್ರಾಂವರೆಗೆ ಈ ಔಷಧವಿತ್ತು. ಮಧುಮೇಹಿಗೆ ಇಡೀ ದಿನಕ್ಕೆ ಕೊಡುವ ಗರಿಷ್ಠ ಪ್ರಮಾಣವೇ ಸುಮಾರು 20 ಮಿಲಿಗ್ರಾಂ. ಏಳು ಮಂದಿ ದೀರ್ಘಕಾಲ ಪ್ರಜ್ಞಾಹೀನರಾಗಿ ಉಳಿದರು, ಅವರಲ್ಲಿ ನಾಲ್ವರು ಅಸುನೀಗಿದರು.

ಅಂದು ಆಸ್ಪತ್ರೆಗೆ ಬಂದವರಲ್ಲಿ ಇಂತಹ ಗುಳಿಗೆ ಸೇವಿಸಿದ್ದನ್ನು ಒಪ್ಪಿಕೊಂಡವರು 45 ಮಂದಿ ಮಾತ್ರ. ವೈದ್ಯರಿಗೆ ವಿಷಯ ತಿಳಿಯದಿದ್ದರೆ ಇಲ್ಲಿ ಇನ್ನೊಂದು ಅಪಾಯವಿದೆ. ಗ್ಲುಕೋಸ್ ಕೊಟ್ಟೊಡನೆ ರೋಗಿ ಚೇತರಿಸಿಕೊಳ್ಳುತ್ತಾನೆ. ಆದರೆ ಔಷಧ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಮನೆಗೆ ಮರಳಿದ ಮೇಲೆ ಸಕ್ಕರೆ ಪುನಃ ಕುಸಿಯಬಹುದು.

ಗುರುತಿಸುವುದು, ಪರೀಕ್ಷಿಸುವುದು

ಅಸಲಿ ಗುಳಿಗೆಯ ಪಟ್ಟಿಯ ಮೇಲೆ ಔಷಧದ ಮೂಲ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕ ಮತ್ತು ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆ ಇರಲೇಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ, ಅಂಗಡಿಯವರು ಬಿಲ್ಲು ಕೊಡಲು ಒಪ್ಪದಿದ್ದರೂ ಕೊಳ್ಳದಿರುವುದು ಲೇಸು. ಆದರೆ ನಕಲಿ ತಯಾರಕರು ಇದೆಲ್ಲವನ್ನೂ ಅಚ್ಚುಕಟ್ಟಾಗಿ ಮುದ್ರಿಸಬಲ್ಲರು. ಕಣ್ಣಿನ ಪರೀಕ್ಷೆಗೆ ಮಿತಿಯಿದೆ, ಖಚಿತ ಉತ್ತರ ಪ್ರಯೋಗಾಲಯದಿಂದ ಮಾತ್ರ ಸಾಧ್ಯ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮು ಈ ಹಕ್ಕನ್ನು ಜನಸಾಮಾನ್ಯರಿಗೂ ಕೊಟ್ಟಿದೆ. ಯಾರೇ ಆಗಲಿ ನಿಗದಿತ ಶುಲ್ಕ ಕಟ್ಟಿ, ಕೊಂಡ ಔಷಧವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿಯುಳ್ಳ ವರದಿ ಪಡೆಯಬಹುದು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ. ಬಾಗಲಕೋಟೆ ಜಿಲ್ಲೆಯವರಿಗೆ ಹುಬ್ಬಳ್ಳಿ ಹತ್ತಿರ. ಉಳಿದ ಗುಳಿಗೆ, ಹೊದಿಕೆ, ಬಿಲ್ಲು ಅಥವಾ ಅಂಚೆ ಪೊಟ್ಟಣವನ್ನು ಎಸೆಯದೆ ಕಾಯ್ದಿರಿಸಬೇಕು. ಇನ್ನು, ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ನೀಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಗೋಡೆ ಬರಹವಿರಲಿ, ಕರಪತ್ರವಿರಲಿ, ಅಂತಹ ಹೇಳಿಕೆಯೇ ಮಾರಾಟಗಾರನ ಮೇಲೆ ಅನುಮಾನ ಪಡಲು ಸಾಕು.

ಈಗಾಗಲೇ ನುಂಗಿದ್ದರೆ

ಗುಳಿಗೆ ಸೇವಿಸಿದ ಮೇಲೆ ಎದೆನೋವು, ತಲೆಸುತ್ತಿ ಬೀಳುವಿಕೆ, ವಿಪರೀತ ಬೆವರು, ನಡುಕ, ಮಾತಿನಲ್ಲಿ ತೊದಲು, ದೃಷ್ಟಿ ಅಥವಾ ಶ್ರವಣಶಕ್ತಿ ಒಮ್ಮೆಲೇ ಕುಂದುವುದು ಕಂಡುಬಂದರೆ 108ಕ್ಕೆ ಕರೆ ಮಾಡಬೇಕು. ನಾಲ್ಕು ಗಂಟೆ ಮೀರಿದರೂ ನಿಮಿರುವಿಕೆ ಇಳಿಯದಿದ್ದರೆ ಬೆಳಗಾಗಲೆಂದು ಕಾಯಬಾರದು, ತಡವಾದರೆ ಅಂಗಕ್ಕೆ ಶಾಶ್ವತ ಹಾನಿಯಾದೀತು. ಎದೆನೋವಿದ್ದರೆ ಮನೆಯಲ್ಲಿರುವ ಸಾರ್ಬಿಟ್ರೇಟ್ ಇಟ್ಟುಕೊಳ್ಳದೆ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ಎಂಥ ಗುಳಿಗೆ, ಎಷ್ಟು ಹೊತ್ತಿಗೆ ನುಂಗಿದ್ದು.

ನಿಮಿರುವಿಕೆ ಕುಂದುವುದು ಅನೇಕ ವೇಳೆ ಬೇರೊಂದು ರೋಗದ ಮುನ್ಸೂಚನೆ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಕಿರಿದಾಗಿರುವುದರಿಂದ, ಕೊಬ್ಬು ಕಟ್ಟಿಕೊಳ್ಳುವ ತೊಂದರೆ ಮೊದಲು ಅಲ್ಲಿಯೇ ಕಾಣಿಸಿಕೊಳ್ಳಬಹುದು. ಮಧುಮೇಹವೂ ಹೀಗೆಯೇ ಬಯಲಾಗುವುದುಂಟು. ಚೀಟಿ ಬರೆಯುವ ಮುನ್ನ ವೈದ್ಯರು ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳನ್ನು ಪರೀಕ್ಷಿಸಿ, ಸೇವಿಸುತ್ತಿರುವ ಇತರ ಔಷಧಗಳ ಬಗ್ಗೆ ಕೇಳುವುದು ಇದೇ ಕಾರಣಕ್ಕೆ. ಊರಿನ ವೈದ್ಯರ ಬಳಿ ಮುಜುಗರವಾದರೆ ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ತೋರಿಸಿಕೊಳ್ಳಬಹುದು. ರಸ್ತೆ ಬದಿಯ ಡೇರೆಯಲ್ಲಿ ಆ ಪರೀಕ್ಷೆಗಳೂ ಇಲ್ಲ, ಆ ಪ್ರಶ್ನೆಗಳೂ ಇಲ್ಲ.