ಮುಂಗಡ ಶುಲ್ಕದ ಸಾಲ ವಂಚನೆ

ಸಾಲ ಖಚಿತವೆಂದು ನಂಬಿಸಿ, ಹಣ ಬಿಡುಗಡೆಗೆ ಮೊದಲೇ ಶುಲ್ಕ ಕಟ್ಟಿಸಿಕೊಂಡು ಕಣ್ಮರೆಯಾಗುವ ಮೋಸ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಹೆಸರು ಇದಕ್ಕೆ ಮತ್ತೆ ಮತ್ತೆ ಬಳಕೆಯಾಗಿದೆ. ₹4,500 ಕಟ್ಟಿದರೆ ₹10 ಲಕ್ಷ ಸಾಲ ಎಂಬ ಮಂಜೂರಾತಿ ಪತ್ರ ನಕಲಿಯೆಂದು ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿತ್ತು. ಮುದ್ರಾ ಸಂಸ್ಥೆ ಬ್ಯಾಂಕುಗಳಿಗೆ ಮರುಸಾಲ ಕೊಡುತ್ತದೆಯೇ ಹೊರತು ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ನೇಮಿಸಿಲ್ಲ.

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಅಂಗಡಿಯವರೊಬ್ಬರಿಗೆ ಇಂಥ ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂತೆನ್ನೋಣ. ₹4,500 ಕಟ್ಟಿದ ಮೇಲೆ ವಿಮೆಗೆಂದು ಇನ್ನಷ್ಟು, ಆಮೇಲೆ ಜಿಎಸ್‌ಟಿ, ಕೊನೆಗೆ ‘ಖಾತೆ ಸಂಖ್ಯೆ ತಪ್ಪಾಗಿದೆ, ತಿದ್ದಲು ದುಡ್ಡು ಬೇಕು’ ಎಂಬ ಕರೆ. ಕಟ್ಟಿದ್ದು ಮುಳುಗಬಾರದೆಂದು ಮತ್ತೆ ಕಟ್ಟುವುದರಿಂದಲೇ ನಷ್ಟ ಬೆಳೆಯುತ್ತದೆ. ಇದು ದಡ್ಡತನವಲ್ಲ, ವಂಚಕರು ಲೆಕ್ಕಹಾಕಿಯೇ ಹೂಡುವ ಒತ್ತಡ.

ಬ್ಯಾಂಕುಗಳಲ್ಲೂ ಪ್ರೊಸೆಸಿಂಗ್ ಶುಲ್ಕ ಉಂಟು. ಆದರೆ ಅದನ್ನು ಸಾಮಾನ್ಯವಾಗಿ ಸಾಲದ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ, ಇಲ್ಲವೇ ಸಂಸ್ಥೆಯ ಖಾತೆಗೆ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ಯಾರದೋ ಸ್ವಂತ ಯುಪಿಐಗೆ ಹಣ ಕೇಳುವುದು, ದಾಖಲೆ ನೋಡದೆಯೇ ಮಂಜೂರು ಮಾಡುವುದು ಮೋಸದ ಸ್ಪಷ್ಟ ಗುರುತು. ಪತ್ರವನ್ನು ಬ್ಯಾಂಕ್ ಶಾಖೆಗೇ ಒಯ್ದು ತೋರಿಸಿದರೆ ನಿಜ ತಿಳಿಯುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣ ತೆಗೆಯುವ ಮುನ್ನವಷ್ಟೇ ಅದನ್ನು ಖಾತೆಯಲ್ಲಿ ತಡೆಹಿಡಿಯಲು ಸಾಧ್ಯ.