180 ದಿನ, 180 ಸೆಕೆಂಡು: ಕಾಲೇಜು ಪ್ರವೇಶಾತಿ ಚಿತ್ರದ ಬರವಣಿಗೆಯಲ್ಲಿ ಸತ್ಯದ ಪ್ರಶ್ನೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ಕಾಲೇಜುಗಳ ಪ್ರಚಾರಚಿತ್ರಗಳು ವಿದ್ಯಾರ್ಥಿಗಳ ಮೊಬೈಲಿಗೆ ಬರತೊಡಗುತ್ತವೆ. ಅವನ್ನು ಸಾಲಾಗಿ ನೋಡಿದರೆ ಕಾಲೇಜಿನ ಹೆಸರು ಅಳಿಸಿ ಬೇರೆ ಹೆಸರು ಅಂಟಿಸಿದರೂ ಏನೂ ವ್ಯತ್ಯಾಸವಾಗದು ಅನ್ನಿಸುತ್ತದೆ. ಮೇಲಿನಿಂದ ಡ್ರೋನ್ ತೆಗೆದ ಕಟ್ಟಡ, ಬಣ್ಣದ ನೀರನ್ನು ಬೀಕರಿನಿಂದ ಬೀಕರಿಗೆ ಸುರಿಯುವ ಹುಡುಗಿ, ವಾರ್ಷಿಕೋತ್ಸವದ ಕುಣಿತ, ಹಿನ್ನೆಲೆಯಲ್ಲಿ ‘ಸರ್ವತೋಮುಖ ಬೆಳವಣಿಗೆ’, ‘ಅನುಭವಿ ಬೋಧಕವರ್ಗ’, ‘ಕನಸುಗಳಿಗೆ ರೆಕ್ಕೆ’ ಎಂಬ ಗಂಭೀರ ದನಿ. ಇಂಥ ಚಿತ್ರಗಳನ್ನು ಸುಳ್ಳು ಎಂದು ಕರೆಯುವುದು ಸುಲಭ, ಆದರೆ ಸರಿಯಲ್ಲ. ಅವುಗಳಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಮಾತು ಬಹಳ ಕಡಿಮೆ. ನಿಜವೆಂದು ತೋರಿಸಬಹುದಾದ ಮಾತೂ ಅಷ್ಟೇ ಕಡಿಮೆ. ದೋಷವಿರುವುದು ಚಿತ್ರೀಕರಣದಲ್ಲಿ ಅಲ್ಲ, ಅದಕ್ಕೂ ಮೊದಲು, ಬರವಣಿಗೆಯಲ್ಲಿ. ಬರೆಯುವವರು ಗುಣವಾಚಕದಿಂದ ಹೊರಟು ಅದಕ್ಕೆ ಒಪ್ಪುವ ದೃಶ್ಯ ಹುಡುಕುತ್ತಾರೆ. ಒಂದು ಸಾಮಾನ್ಯ ದಿನದಿಂದ ಹೊರಟರೆ ಚಿತ್ರ ಪ್ರಾಮಾಣಿಕವಾಗುವುದಷ್ಟೇ ಅಲ್ಲ, ಪ್ರವೇಶಾತಿಯ ಕೆಲಸಕ್ಕೂ ಹೆಚ್ಚು ಒದಗುತ್ತದೆ ಎಂಬುದು ಈ ಲೇಖನದ ವಾದ.

ಘೋಷಣೆಯನ್ನು ಗುರುತಿಸಲು ಸರಳವಾದ ಒಂದು ಪರೀಕ್ಷೆಯಿದೆ. ವಾಕ್ಯವನ್ನು ತಿರುಗಿಸಿ ನೋಡಬೇಕು. ‘ನಮ್ಮಲ್ಲಿ ಗುಣಮಟ್ಟದ ಶಿಕ್ಷಣವಿದೆ’ ಎಂಬುದರ ವಿರುದ್ಧ ಮಾತನ್ನು ಯಾವ ಕಾಲೇಜೂ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅದನ್ನು ಹೇಳಿದರೂ ಏನೂ ಹೇಳಿದಂತಾಗುವುದಿಲ್ಲ. ‘ಗ್ರಂಥಾಲಯ ಸಂಜೆ ಆರರವರೆಗೆ ತೆರೆದಿರುತ್ತದೆ’ ಎಂಬುದು ಹಾಗಲ್ಲ. ಬೇರೊಂದು ಕಾಲೇಜಿನಲ್ಲಿ ಅದು ನಾಲ್ಕೂವರೆಗೆ ಮುಚ್ಚಬಹುದು. ಇದೇ ಕಾಲೇಜಿನಲ್ಲಿ ಆ ಮಾತು ಸುಳ್ಳಾದರೆ ಮೊದಲ ವಾರದಲ್ಲೇ ವಿದ್ಯಾರ್ಥಿಗೆ ಗೊತ್ತಾಗುತ್ತದೆ. ಸುಳ್ಳಾಗಬಲ್ಲ ವಾಕ್ಯಕ್ಕೆ ಮಾತ್ರ ನಿಜವಾಗುವ ಯೋಗ್ಯತೆಯಿದೆ. ಮೂರು ನಿಮಿಷದ ಚಿತ್ರದಲ್ಲಿ ದೃಶ್ಯಗಳ ಸ್ವಂತ ಸದ್ದಿಗೆ ಎಡೆ ಬಿಟ್ಟರೆ ಕನ್ನಡದ ನಿರೂಪಣೆಗೆ ಸಿಗುವುದು ಇನ್ನೂರು ಪದವೂ ಇಲ್ಲ. ಅಷ್ಟರಲ್ಲಿ ಐವತ್ತನ್ನು ಇಂಥ ಟೊಳ್ಳು ಮಾತಿಗೆ ಕೊಡುವುದೆಂದರೆ ಕೇಳುವವನ ಪಾಲನ್ನು ಕಿತ್ತುಕೊಂಡಂತೆ.

ಆದರೆ ವಾಕ್ಯಗಳನ್ನಷ್ಟೇ ತೊಳೆದರೆ ಸಾಲದು. ಸಂಕಲನವೂ ಮಾತಾಡುತ್ತದೆ. 1920ರ ಸುಮಾರಿಗೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖಭಾವವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ, ನೋಡುವವರು ಅದರಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಾಣುತ್ತಾರೆಂದು ತೋರಿಸಿದ ಪ್ರಯೋಗ ಸಿನಿಮಾ ಓದಿದವರಿಗೆಲ್ಲ ಪರಿಚಿತ. ಕಾಲೇಜು ಚಿತ್ರದಲ್ಲಿ ಇದೇ ತಂತ್ರ ದಿನನಿತ್ಯ ಬಳಕೆಯಾಗುತ್ತದೆ. ನಗುವ ವಿದ್ಯಾರ್ಥಿಯ ಮುಖ, ಅದರ ಬೆನ್ನಿಗೆ ಹೊಸ ಕಂಪ್ಯೂಟರುಗಳ ಸಾಲು. ಎರಡೂ ನಿಜವಾದ ಶಾಟುಗಳೇ. ಆದರೆ ಆ ವಿದ್ಯಾರ್ಥಿ ಆ ಕೊಠಡಿಗೆ ಕಾಲಿಡುವುದು ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಜೋಡಣೆ ಮುಚ್ಚಿಹಾಕುತ್ತದೆ. ಆದ್ದರಿಂದ ಪ್ರಾಮಾಣಿಕತೆಯನ್ನು ಅಳೆಯಬೇಕಾದ ಜಾಗ ಕಾಲದ ಹಂಚಿಕೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಲೆಕ್ಕದಲ್ಲಿ ಶೈಕ್ಷಣಿಕ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನಗಳಿರಬೇಕು. ಮೂರು ನಿಮಿಷದ ಚಿತ್ರಕ್ಕೂ 180 ಸೆಕೆಂಡು. ದಿನಕ್ಕೊಂದು ಸೆಕೆಂಡಿನಂತೆ ಹಂಚಿದರೆ ಎರಡು ದಿನದ ವಾರ್ಷಿಕೋತ್ಸವಕ್ಕೆ ಸಿಗುವುದು ಎರಡು ಸೆಕೆಂಡು. ಈ ಲೆಕ್ಕವನ್ನು ಯಾರೂ ಅಕ್ಷರಶಃ ಪಾಲಿಸಬೇಕಿಲ್ಲ. ಹಬ್ಬದ ಎರಡು ದಿನಕ್ಕೆ ಎಪ್ಪತ್ತು ಸೆಕೆಂಡು ಕೊಟ್ಟಿದ್ದೇವೆಂದು ಬರೆಯುವವರಿಗೆ ಅರಿವಾದರೆ ಸಾಕು.

ಉದಾಹರಣೆಗೆ ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎಸ್‌ಸಿ. ವಿಭಾಗವನ್ನು ಕಲ್ಪಿಸಿಕೊಳ್ಳೋಣ. ಇಂಥ ಕಾಲೇಜಿನ ದಿನ ಗೇಟಿನಲ್ಲಲ್ಲ, ಬಸ್ಸಿನಲ್ಲಿ ಶುರುವಾಗುತ್ತದೆ. ಸುತ್ತಲ ಹಳ್ಳಿಗಳಿಂದ ಬರುವವರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದೇ ಮೊದಲ ಪ್ರಶ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲದಿದ್ದರೂ ಬಸ್ಸಿನೊಳಗೆ ಜಾಗದ ಚಿಂತೆ ತಪ್ಪಿಲ್ಲ. ಮೊದಲ 25 ಸೆಕೆಂಡು ಆ ಬಸ್ಸಿಗೆ. ನಿರೂಪಣೆಯಿಲ್ಲ, ಕಂಡಕ್ಟರನ ಸೀಟಿ, ನಿಂತು ಬರುವವರ ಚೀಲಗಳು, ಪರದೆಯ ಮೂಲೆಯಲ್ಲಿ ಹೊತ್ತು. ಆಮೇಲೆ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಪೂರ್ತಿ 50 ಸೆಕೆಂಡು. ಬಣ್ಣದ ನೀರು ಸುರಿಯುವುದು ಬೇಡ. ಆಮ್ಲ–ಪ್ರತ್ಯಾಮ್ಲ ಟೈಟ್ರೇಶನ್ ಸಾಕು. ಕೋನಿಕಲ್ ಫ್ಲಾಸ್ಕಿನ ಆಮ್ಲಕ್ಕೆ ಫಿನಾಫ್ತಲೀನ್ ಎರಡು ಹನಿ ಹಾಕಿ, ಬ್ಯೂರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ತಿಳಿ ಗುಲಾಬಿ ಬಣ್ಣ ಅಳಿಯದೆ ನಿಂತ ಕ್ಷಣವೇ ಅಂತ್ಯಬಿಂದು. ಮೊದಲ ಸಲ ಮಾಡುವವರು ಸಾಮಾನ್ಯವಾಗಿ ಅದನ್ನು ದಾಟಿಬಿಡುತ್ತಾರೆ, ಫ್ಲಾಸ್ಕು ಕಡು ಗುಲಾಬಿಯಾಗುತ್ತದೆ. ಆ ಕಡು ಗುಲಾಬಿಯನ್ನು ಚಿತ್ರದಲ್ಲಿ ಇಡಬೇಕು. ಉಪನ್ಯಾಸಕಿ ಬಂದು ನೋಡುವುದು, ‘ಚೆಲ್ಲಿ ಇನ್ನೊಂದ್ಸಲ ಮಾಡಮ್ಮ, ಕೊನೇಗೆ ಅರ್ಧರ್ಧ ಹನಿ ಬಿಡು’ ಅನ್ನುವುದು, ಎರಡನೆಯ ಸಲ ಬಿಳಿ ಟೈಲಿನ ಮೇಲೆ ತಿಳಿ ಬಣ್ಣ ನಿಲ್ಲುವುದು, ಮೂರನೆಯದರ ಓದು ಎರಡನೆಯದಕ್ಕೆ ಹೊಂದುವುದು. ಒಂದು ಬ್ಯೂರೆಟ್ಟಿಗೆ ಇಬ್ಬರು ವಿದ್ಯಾರ್ಥಿಗಳಿದ್ದರೆ ಇಬ್ಬರೂ ಚೌಕಟ್ಟಿನೊಳಗೇ ಇರಲಿ. ‘ಅನುಭವಿ ಬೋಧಕವರ್ಗ’ ಎಂಬ ಮಾತು ಹೇಳಲು ಹೆಣಗುವುದನ್ನು ಆ ಅರ್ಧ ಹನಿಯ ಮಾತು ತಾನಾಗಿ ತೋರಿಸುತ್ತದೆ. ತಪ್ಪು ತಿದ್ದಿಕೊಳ್ಳಲು ಎಡೆಯಿರುವ ಕೊಠಡಿ ಎಂಬುದು ಪ್ರಯೋಗಾಲಯದ ಬಗ್ಗೆ ಹೇಳಬಹುದಾದ ಅತಿ ಒಳ್ಳೆಯ ಮಾತು, ಮತ್ತು ಅದು ತಪ್ಪು ಕಾಣದೆ ಕಾಣುವುದಿಲ್ಲ.

ಸಂದರ್ಶನದ ಭಾಗ ಹದಗೆಡುವುದು ಎರಡು ಕಡೆ: ಯಾರನ್ನು ಕೇಳುತ್ತೇವೆ, ಏನು ಕೇಳುತ್ತೇವೆ ಎಂಬಲ್ಲಿ. ಪ್ರಾಂಶುಪಾಲರು ಆರಿಸಿ ಕಳಿಸಿದ ಮೂವರು ರ‍್ಯಾಂಕ್ ವಿದ್ಯಾರ್ಥಿಗಳು ಪ್ರಾಂಶುಪಾಲರ ಮಾತನ್ನೇ ಆಡುತ್ತಾರೆ. ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಎಂಟು ಜನರನ್ನು ಆರಿಸಬೇಕು. ಒಪ್ಪದವರನ್ನು ಬಿಡಬೇಕು; ಮಾತಾಡುವಾಗ ಅಧ್ಯಾಪಕರು ಕೊಠಡಿಯ ಹೊರಗಿರಬೇಕು; ಸಂಕಲನವಾದ ತುಣುಕನ್ನು ಮಾತಾಡಿದವರಿಗೇ ಮೊದಲು ತೋರಿಸಬೇಕು. ‘ನಮ್ಮ ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ತುಂಬಾ ಚೆನ್ನಾಗಿದೆ ಸರ್’ ಎಂಬ ಉತ್ತರವೇ ಬರುವುದು, ಅದು ವಿದ್ಯಾರ್ಥಿಯ ತಪ್ಪಲ್ಲ. ‘ನಿನ್ನೆ ಕ್ಲಾಸು ಮುಗಿದ ಮೇಲೆ ಏನು ಮಾಡಿದಿರಿ?’, ‘ಮೊದಲ ಸೆಮಿಸ್ಟರಿನಲ್ಲಿ ಯಾವ ವಿಷಯ ಕಷ್ಟವಾಯಿತು, ಯಾರ ಹತ್ತಿರ ಕೇಳಿಕೊಂಡಿರಿ?’ ಎಂದು ಕೇಳಿದರೆ ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪಠ್ಯದ ಎದುರು ಪಟ್ಟ ಪಾಡು, ಸೀನಿಯರ್ ಕೊಟ್ಟ ನೋಟ್ಸು, ವಿದ್ಯಾರ್ಥಿನಿಲಯದ ರಾತ್ರಿ ಓದು ಇವು ಹೊರಬರುತ್ತವೆ. ಚಿತ್ರ ನೋಡುವ ಹದಿನೆಂಟರ ಹುಡುಗನ ಮನಸ್ಸಿನಲ್ಲಿರುವುದೂ ಇದೇ ಹೆದರಿಕೆ.

ಉದ್ಯೋಗದ ಮಾತು ಬಂದಾಗ ಬರವಣಿಗೆ ಅತಿ ಜೋಪಾನವಾಗಿರಬೇಕು. ಒಬ್ಬನೇ ವಿದ್ಯಾರ್ಥಿಗೆ ಸಿಕ್ಕ ಅತಿ ದೊಡ್ಡ ಪ್ಯಾಕೇಜನ್ನು ದೊಡ್ಡ ಅಂಕಿಯಲ್ಲಿ ತೋರಿಸಿ ಉಳಿದವರ ಗತಿ ಹೇಳದಿರುವುದು ಈ ಪ್ರಕಾರದ ಹಳೆಯ ಚಟ. ಕೇಂದ್ರದ ಎನ್ಐಆರ್‌ಎಫ್ ಶ್ರೇಯಾಂಕಕ್ಕೆ ಸಂಸ್ಥೆಗಳು ಸಲ್ಲಿಸುವ ಮಾಹಿತಿಯಲ್ಲಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು, ಕೆಲಸಕ್ಕೆ ಸೇರಿದವರು, ಅವರ ಮಧ್ಯಾಂಕ ಸಂಬಳ, ಉನ್ನತ ವ್ಯಾಸಂಗಕ್ಕೆ ಹೋದವರು ಎಂಬ ಅಂಕಣಗಳಿವೆ. ಎಂದರೆ ಸರಿಯಾದ ಅಂಕಿಯ ಮಾದರಿ ಆಗಲೇ ಕೈಯಲ್ಲಿದೆ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ ಶಿಕ್ಷಣ ಸಂಸ್ಥೆಗಳಿಗಾಗಿ ರೂಪಿಸಿದ ಮಾರ್ಗಸೂಚಿಯೂ ಕೆಲಸ ಸಿಕ್ಕವರ ಸಂಖ್ಯೆ ಹೇಳುವಾಗ ಆ ತರಗತಿಯಲ್ಲಿ ಉತ್ತೀರ್ಣರಾದವರ ಒಟ್ಟು ಸಂಖ್ಯೆಯನ್ನೂ ಹೇಳಬೇಕು, ತೋರಿಸುವ ಕಟ್ಟಡ–ಸೌಲಭ್ಯಗಳು ಜಾಹೀರಾತು ಬರುವ ಹೊತ್ತಿಗೆ ನಿಜವಾಗಿ ಇರಬೇಕು ಎನ್ನುತ್ತದೆ. ನಮ್ಮ ಕಲ್ಪಿತ ಕಾಲೇಜಿನಲ್ಲಿ ಪದವಿ ಮುಗಿಸಿದವರು 112, ಅವರಲ್ಲಿ ಬಿ.ಎಡ್. ಇಲ್ಲವೇ ಸ್ನಾತಕೋತ್ತರಕ್ಕೆ ಹೋದವರು 46, ಕೆಲಸಕ್ಕೆ ಸೇರಿದವರು 31 ಎಂದಿಟ್ಟುಕೊಳ್ಳೋಣ. ನಿರೂಪಣೆ ಉಳಿದ 35 ಜನರನ್ನು ಬಿಡಕೂಡದು: ಅವರಲ್ಲಿ ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ, ಕೆಲವರು ಮನೆಯ ಹೊಲ–ಅಂಗಡಿ ನೋಡುತ್ತಿದ್ದಾರೆ, ಕೆಲವರ ಸುದ್ದಿ ಕಾಲೇಜಿಗೆ ತಿಳಿದಿಲ್ಲ. ಹನ್ನೆರಡು ಸೆಕೆಂಡಿನ ಈ ಮಾತು ತಂದೆತಾಯಿಗೆ ಹೇಳುವಷ್ಟನ್ನು ಯಾವ ಪ್ಯಾಕೇಜಿನ ಅಂಕಿಯೂ ಹೇಳದು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ವ್ಯವಹಾರದ್ದು. ಪಕ್ಕದ ಕಾಲೇಜು ಕನಸು ಮಾರುವಾಗ ಕಿಕ್ಕಿರಿದ ಬಸ್ಸು ತೋರಿಸಿದರೆ ಸೀಟುಗಳು ಖಾಲಿ ಉಳಿಯುವುದಿಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ, ದಾಖಲಾತಿ ಕುಸಿದರೆ ವಿಭಾಗವೇ ಮುಚ್ಚುವ ಭಯ ಇಂಥ ಕಾಲೇಜುಗಳಿಗಿದೆ. ಹೋಲಿಸಬಹುದಾದ ಒಳ್ಳೆಯ ಆಧಾರ ಉದ್ಯೋಗ ನೇಮಕಾತಿಯಲ್ಲಿದೆ. 1956ರಲ್ಲಿ ಜೋಸೆಫ್ ವೈಟ್ಜ್ ಅಮೆರಿಕದ ಜೀವವಿಮಾ ಏಜೆಂಟರ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಕೆಲಸದ ಕಷ್ಟಸುಖ ಎರಡನ್ನೂ ಮೊದಲೇ ತಿಳಿದು ಸೇರಿದವರು ಹೆಚ್ಚು ಕಾಲ ಉಳಿದರು. ಮುಂದೆ ಜಾನ್ ವಾನಸ್ ಮೊದಲಾದವರು ಈ ದಾರಿಯನ್ನು ಬೆಳೆಸಿದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರಿಣಾಮ ಇದೆ, ಆದರೆ ಸಣ್ಣದು ಎಂದು ಕಂಡಿತು. ಪರಿಣಾಮ ಸಣ್ಣದೆಂಬುದನ್ನು ಮರೆಮಾಚಬಾರದು, ಮತ್ತು ಕಾಲೇಜು ಕಚೇರಿಯಲ್ಲ. ಆದರೂ ಆಕ್ಷೇಪದ ಬುಡ ಇಲ್ಲಿ ಸಡಿಲವಾಗುತ್ತದೆ. ಕಾಲೇಜಿಗೆ ಬೇಕಿರುವುದು ಜೂನ್‌ನಲ್ಲಿ ಅರ್ಜಿ ತುಂಬುವವರಲ್ಲ, ಮೂರನೆಯ ವರ್ಷದವರೆಗೆ ಉಳಿಯುವವರು. ಟೈಟ್ರೇಶನ್ ನೋಡಿ ಬೇಸರಗೊಂಡವನು ಬೇರೆಡೆ ಹೋದರೆ, ಸೇರಿ ಮೊದಲ ಸೆಮಿಸ್ಟರಿನ ನಡುವೆ ಬಿಟ್ಟುಹೋಗುವುದಕ್ಕಿಂತ ಅವನಿಗೂ ಕಾಲೇಜಿಗೂ ಅದು ಕಡಿಮೆ ನಷ್ಟ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಕ್ಯಾಮೆರಾ ಇಟ್ಟ ಕೂಡಲೇ ದಿನ ಸಾಮಾನ್ಯ ದಿನವಾಗಿ ಉಳಿಯುವುದಿಲ್ಲ. ಹಾಗಿರುವಾಗ ಬಸ್ಸಿನ ಚಿತ್ರವೂ ಡ್ರೋನಿನಷ್ಟೇ ಕಟ್ಟುಕಥೆಯಲ್ಲವೇ? ಸಾಕ್ಷ್ಯಚಿತ್ರದ ಇತಿಹಾಸ ಈ ಮಾತನ್ನು ಬೆಂಬಲಿಸುತ್ತದೆ. ರಾಬರ್ಟ್ ಫ್ಲಾಹರ್ಟಿಯ 1922ರ ‘ನಾನೂಕ್ ಆಫ್ ದಿ ನಾರ್ತ್’ನಲ್ಲಿ ಹಲವು ದೃಶ್ಯಗಳನ್ನು ಕ್ಯಾಮೆರಾಕ್ಕಾಗಿಯೇ ಮಾಡಿಸಲಾಗಿತ್ತು. ಫ್ರೆಡರಿಕ್ ವೈಸ್‌ಮನ್ 2013ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯವನ್ನು ನಿರೂಪಣೆಯಾಗಲಿ ಸಂದರ್ಶನವಾಗಲಿ ಇಲ್ಲದೆ ತೋರಿಸಲು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡರು. ಅದೂ ಆಯ್ಕೆಯ ಫಲವೇ. ಮೂರು ನಿಮಿಷದ ಚಿತ್ರ ಪೂರ್ಣ ಸತ್ಯದ ಹಕ್ಕು ಸಾಧಿಸುವಂತಿಲ್ಲ. ಆದರೆ ಆಯ್ಕೆ ತಪ್ಪದು ಎಂದಮಾತ್ರಕ್ಕೆ ಎಲ್ಲ ಆಯ್ಕೆಗಳೂ ಸಮವಾಗುವುದಿಲ್ಲ. ಚೀಟಿ ಎತ್ತಿ ಆರಿಸಿದ ಮಂಗಳವಾರವನ್ನೂ ಸಿಂಗರಿಸಿದ ಶನಿವಾರವನ್ನೂ ಬೇರ್ಪಡಿಸುವುದು ಮರುಪರೀಕ್ಷೆ: ನೋಡಿದವನು ಮುಂದಿನ ಮಂಗಳವಾರ ಹೇಳದೆ ಕೇಳದೆ ಬಂದರೆ ಬಸ್ಸು ಅದೇ ಹೊತ್ತಿಗೆ ಬರುತ್ತದೆಯೇ, ಬ್ಯೂರೆಟ್ಟಿನ ಎದುರು ಇಬ್ಬರೇ ಇರುತ್ತಾರೆಯೇ?

ಈ ಮರುಪರೀಕ್ಷೆಗೆ ಅನುಕೂಲವಾಗುವಂತೆ ಬರವಣಿಗೆಯ ಹಾಳೆಯನ್ನೇ ಬದಲಿಸಿಕೊಳ್ಳಬೇಕು. ರೂಢಿಯಲ್ಲಿ ಎಡಕ್ಕೆ ದೃಶ್ಯ, ಬಲಕ್ಕೆ ಧ್ವನಿ ಎಂಬ ಎರಡು ಅಂಕಣಗಳಿರುತ್ತವೆ. ಮೂರನೆಯದೊಂದು ಬೇಕು. ಅದರಲ್ಲಿ ಪ್ರತಿ ವಾಕ್ಯದ ಎದುರು ಆಧಾರ ಮತ್ತು ದಿನಾಂಕ: ಗ್ರಂಥಾಲಯದ ವೇಳೆಗೆ ಸೂಚನಾ ಫಲಕ, 112ಕ್ಕೆ ಫಲಿತಾಂಶದ ಪಟ್ಟಿ, ಬಸ್ಸಿಗೆ ಡಿಪೋದ ವೇಳಾಪಟ್ಟಿ. ಆಧಾರದ ಮನೆ ಖಾಲಿ ಉಳಿದ ವಾಕ್ಯ ಚಿತ್ರೀಕರಣಕ್ಕೆ ಹೋಗುವುದಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಹಾಳೆ ಹಿಡಿದು ಒಂದೊಂದೇ ಸಾಲು ನೋಡಿದರೆ ಯಾವುದು ಹಳತಾಯಿತೆಂದು ತಿಳಿಯುತ್ತದೆ. ಅರ್ಧ ಹನಿಯ ಮಾತಾಡಿದ ಉಪನ್ಯಾಸಕಿ ಅತಿಥಿ ಉಪನ್ಯಾಸಕಿಯಾಗಿದ್ದು, ಈ ವರ್ಷದ ಪಟ್ಟಿಯಲ್ಲಿ ಅವರ ಹೆಸರಿಲ್ಲದಿದ್ದರೆ, ಆ 50 ಸೆಕೆಂಡನ್ನು ಹೊಸದಾಗಿ ತೆಗೆಯಬೇಕಾಗುತ್ತದೆ.