ಹೊಲದ ತೊಗರಿ, ಹಿಂಬಾಕಿ ಸಂಬಳ: ವಜಾ ತಪ್ಪೆಂದು ತೀರ್ಪು ಬಂದ ಮೇಲೆ ಕೈಗೆ ಬರುವುದೆಷ್ಟು?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಬಸ್ ಡಿಪೋದಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಸಂಬಳದ ಜೊತೆಗೆ ಒಂದಿಷ್ಟು ಹೊಲವೂ ಇರುತ್ತದೆ. ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳಿಗೆ ಹೋಗುವವರಲ್ಲೂ ಇಂಥವರು ಬಹಳ. ಕೆಲಸ ಹೋದರೆ ಮನುಷ್ಯ ಹೊಲಕ್ಕೆ ಇಳಿಯುತ್ತಾನೆ, ತೊಗರಿ ಬಿತ್ತುತ್ತಾನೆ. ಐದಾರು ವರ್ಷ ಕಳೆದು, ವಜಾ ಮಾಡಿದ್ದು ಕಾನೂನುಬಾಹಿರ ಎಂದು ಕಾರ್ಮಿಕ ನ್ಯಾಯಾಲಯ ಹೇಳಿದಾಗ ಒಂದು ಪ್ರಶ್ನೆ ಏಳುತ್ತದೆ. ಆ ಐದಾರು ವರ್ಷದ ಸಂಬಳ ಕೊಡಬೇಕೇ? ಹೊಲ ಮಾಡಿಕೊಂಡು ಉಂಡವನಿಗೆ ಸಂಬಳ ಏಕೆ ಎಂದು ಮಾಲೀಕರ ಕಡೆಯವರು ಕೇಳುತ್ತಾರೆ. ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು ನಮ್ಮದೇ ಭಾಗದ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ. ಅದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಕೆಲಸವನ್ನೇ ಮರಳಿ ಕೊಡಿಸುವ ಅಧಿಕಾರ

ಹಳೆಯ ಕಾನೂನಿನಲ್ಲಿ ಮಾಲೀಕ ಮತ್ತು ನೌಕರನ ಸಂಬಂಧ ಬರೀ ಒಂದು ಕರಾರು. ಮಾಲೀಕ ಕರಾರು ಮುರಿದರೆ ನಷ್ಟ ಕಟ್ಟಿಕೊಟ್ಟರೆ ಮುಗಿಯಿತು. ಬೇಡವೆಂದವನ ಮೇಲೆ ನೌಕರನನ್ನು ಯಾವ ಸಿವಿಲ್ ಕೋರ್ಟೂ ಹೇರುತ್ತಿರಲಿಲ್ಲ. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆ ಬಂತು. 1949ರಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಪ್ರಕರಣದಲ್ಲಿ ಅಂದಿನ ಫೆಡರಲ್ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕೈಗಾರಿಕಾ ನ್ಯಾಯಮಂಡಳಿ ಕರಾರಿಗಷ್ಟೇ ಕಟ್ಟುಬಿದ್ದದ್ದಲ್ಲ, ತೆಗೆದವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಆದೇಶಿಸುವ ಅಧಿಕಾರ ಅದಕ್ಕಿದೆ ಎಂದಿತು.

ಆದರೂ ಒಂದು ಕೊರತೆ ಉಳಿದಿತ್ತು. ಮಾಲೀಕ ನಿಯಮದಂತೆ ಇಲಾಖಾ ವಿಚಾರಣೆ ನಡೆಸಿ ವಜಾ ಮಾಡಿದ್ದರೆ, ತಪ್ಪಿಗೆ ಶಿಕ್ಷೆ ಹೆಚ್ಚಾಯಿತು ಎಂದು ಅದನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ಇರಲಿಲ್ಲ. 1971ರ ಡಿಸೆಂಬರ್ 15ರಿಂದ ಜಾರಿಗೆ ಬಂದ 11-ಎ ಕಲಮು ಅದನ್ನು ಕೊಟ್ಟಿತು. ಅಂದಿನಿಂದ ಕಾರ್ಮಿಕ ನ್ಯಾಯಾಲಯ ಸಾಕ್ಷ್ಯವನ್ನು ತಾನೇ ತೂಗಿ ನೋಡಿ, ವಜಾ ರದ್ದು ಮಾಡಿ ಕೆಲಸ ಕೊಡಿಸಬಹುದು, ಇಲ್ಲವೇ ಕಡಿಮೆ ಶಿಕ್ಷೆ ವಿಧಿಸಬಹುದು.

ಪೂರ್ತಿ ಸಂಬಳ ಎಂಬ ವಾಡಿಕೆ

ಕೆಲಸ ಮರಳಿ ಸಿಕ್ಕಿತು. ನಡುವಿನ ವರ್ಷಗಳ ಸಂಬಳ, ಅಂದರೆ ಹಿಂಬಾಕಿ ವೇತನದ ಕಥೆ ಏನು? 1978ರಲ್ಲಿ ಹಿಂದುಸ್ತಾನ್ ಟಿನ್ ವರ್ಕ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರ ತೀರ್ಪು ದಾರಿ ಹಾಕಿತು. ಕೆಲಸಗಾರ ದುಡಿಯಲು ತಯಾರಿದ್ದ, ಬಾಗಿಲು ಹಾಕಿದವನು ಮಾಲೀಕ. ಆದ್ದರಿಂದ ಪೂರ್ತಿ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ, ಕಡಿಮೆ ಮಾಡಬೇಕಾದರೆ ಮಾಲೀಕನೇ ಕಾರಣ ತೋರಿಸಬೇಕು ಎಂಬುದು ಅದರ ತಿರುಳು. ಆ ಕಂಪನಿಯ ಹಣಕಾಸಿನ ಸ್ಥಿತಿ ನೋಡಿ ಕೋರ್ಟ್ ಕೊನೆಗೆ ಕೊಡಿಸಿದ್ದು ನೂರಕ್ಕೆ 75 ಭಾಗ.

1984ರಲ್ಲಿ ದೆಹಲಿಯ ಇನ್ನೊಂದು ಪ್ರಕರಣ ಅದೇ ನ್ಯಾಯಮೂರ್ತಿಗಳ ಮುಂದೆ ಬಂತು. ಕೆಲಸ ಕಳೆದುಕೊಂಡವನು ಮಾವನ ಇದ್ದಿಲು ಡಿಪೋದಲ್ಲಿ ಕೈಜೋಡಿಸಿ ಹೊಟ್ಟೆ ಹೊರೆದಿದ್ದ. ಇದನ್ನು ಬೇರೆ ನೌಕರಿ ಎನ್ನಲಾಗದು, ಬದುಕಿ ಉಳಿಯಲು ಮಾಡಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಭಿಕ್ಷೆ ಬೇಡಿದ್ದೂ ಸಂಪಾದನೆಯಾಗುತ್ತದೆ ಎಂಬರ್ಥದ ಮಾತು ತೀರ್ಪಿನಲ್ಲಿದೆ. ಪೂರ್ತಿ ಸಂಬಳ ಸಿಕ್ಕಿತು.

ನಮ್ಮ ಸಾರಿಗೆ ಸಂಸ್ಥೆಯ ಪ್ರಕರಣ

2000ನೇ ಇಸವಿಯಲ್ಲಿ ರಾಜ್ಯ ಸಾರಿಗೆಯಿಂದ ಬೇರೆಯಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಕೇಂದ್ರ ಕಚೇರಿ ಕಲಬುರಗಿ. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ಟಿಕೆಟ್ ಹಣದ ವ್ಯತ್ಯಾಸ, ಬಹಳ ದಿನದ ಗೈರುಹಾಜರಿ ಇಂಥ ಕಾರಣಕ್ಕೆ ವಜಾ ಆದವರ ವ್ಯಾಜ್ಯಗಳಲ್ಲಿ ಕೆಲವು ದೆಹಲಿಗೂ ಹೋದವು.

2007ರಲ್ಲಿ ಈ ಸಂಸ್ಥೆ ಮತ್ತು ಅದರ ನೌಕರನೊಬ್ಬನ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಲದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ನೌಕರಿ ಇಲ್ಲದ ಕಾಲದಲ್ಲಿ ಕೃಷಿಯಿಂದ ಆದಾಯ ಬಂದಿದ್ದರೆ ಅದು ಸಂಪಾದನೆಯ ಕೆಲಸ ಹೌದೋ ಅಲ್ಲವೋ? ಹೌದು ಎಂದಿತು ಕೋರ್ಟ್. ಬೇರೆ ಕಡೆ ನೌಕರಿ ಮಾಡಿ ಗಳಿಸಿದರೂ ಅಷ್ಟೇ, ಸ್ವಂತ ಉದ್ಯೋಗದಿಂದ ಗಳಿಸಿದರೂ ಅಷ್ಟೇ, ಆದಾಯದ ಮೂಲ ಮಾತ್ರ ಬೇರೆ. ಹಿಂಬಾಕಿ ತೀರ್ಮಾನಿಸುವಾಗ ಹೊಲದ ಆದಾಯವನ್ನೂ ನೋಡಬೇಕು ಎಂಬ ನಿಲುವು ಅಲ್ಲಿ ನಿಂತಿತು.

ಇದ್ದಿಲು ಡಿಪೋದ ತೀರ್ಪಿಗೂ ಇದಕ್ಕೂ ಎಷ್ಟು ದೂರ ನೋಡಿ. ನಡುವೆ ಕಾಲವೂ ಬದಲಾಗಿತ್ತು. ದುಡಿಯದ ದಿನಗಳಿಗೆ ಸಂಬಳವೆಂಬುದು ತಾನಾಗಿ ಬರುವುದಲ್ಲ ಎಂಬ ಮಾತು ಆ ದಶಕದ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

2013ರ ಆಗಸ್ಟ್ 12ರಂದು ತಕ್ಕಡಿ ಮತ್ತೆ ಸರಿಯಿತು. ಮಹಾರಾಷ್ಟ್ರದ ಕ್ರಾಂತಿ ಜೂನಿಯರ್ ಅಧ್ಯಾಪಕ ಮಹಾವಿದ್ಯಾಲಯದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ನ್ಯಾಯಮೂರ್ತಿ ಜಿ.ಎಸ್. ಸಿಂಘ್ವಿ ಅವರು ಹಳೆಯ ತೀರ್ಪುಗಳನ್ನೆಲ್ಲ ಸೇರಿಸಿ ನಿಯಮ ಬರೆದರು. ತೆಗೆದದ್ದು ತಪ್ಪೆಂದಾದರೆ ಕೆಲಸ ಮತ್ತು ಹಿಂಬಾಕಿ ಸಿಗುವುದೇ ವಾಡಿಕೆ. ಆದರೆ ನನಗೆ ಬೇರೆ ಸಂಪಾದನೆ ಇರಲಿಲ್ಲ, ಅಥವಾ ಇದ್ದದ್ದು ಕಡಿಮೆ ಎಂದು ಮೊದಲು ಹೇಳಬೇಕಾದವನು ಕೆಲಸಗಾರ. ಹಾಗೆ ಹೇಳಿದ ಮೇಲೆ, ಇಲ್ಲ, ಗಳಿಸುತ್ತಿದ್ದ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಕೋರ್ಟಿನಲ್ಲಿ ತಡವಾಯಿತೆಂದು ಕೆಲಸಗಾರನ ಸಂಬಳ ಕತ್ತರಿಸಬಾರದು ಎಂದೂ ಆ ತೀರ್ಪು ಹೇಳಿತು.

ಒಂದು ಲೆಕ್ಕ ಹಾಕಿ ನೋಡೋಣ

ಚಿಂಚೋಳಿ ಕಡೆಯ ಒಬ್ಬ ಕಾಯಂ ನೌಕರ ಎಂದುಕೊಳ್ಳಿ. ವಜಾ ಆದಾಗ ತಿಂಗಳ ಸಂಬಳ 10,000 ರೂಪಾಯಿ. ತೀರ್ಪು ಬರಲು ಆರು ವರ್ಷ, ಅಂದರೆ 72 ತಿಂಗಳು. ಪೂರ್ತಿ ಹಿಂಬಾಕಿ 7,20,000. ಅರ್ಧ ಎಂದರೆ 3,60,000. ಏನೂ ಇಲ್ಲ ಎಂದರೆ ಕೆಲಸ ಮಾತ್ರ.

ಈ ಮೂರರಲ್ಲಿ ಯಾವುದು ಎಂಬುದು ಬಹಳಷ್ಟು ಮಟ್ಟಿಗೆ ಒಂದು ಮಾತಿನ ಮೇಲೆ ನಿಲ್ಲುತ್ತದೆ. ಅರ್ಜಿಯಲ್ಲಿ, ಸಾಕ್ಷಿ ಹೇಳಿಕೆಯಲ್ಲಿ ಆತ ಸಂಪಾದನೆಯ ಬಗ್ಗೆ ಏನೂ ಹೇಳದಿದ್ದರೆ ಹೊಣೆ ಮಾಲೀಕನ ಮೇಲೆ ಹೋಗುವುದೇ ಇಲ್ಲ. ಏನೂ ಆದಾಯವಿಲ್ಲ ಎಂದು ಬಾಯಿಬಿಟ್ಟು ಹೇಳಿ, ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ಆತನ ಹೆಸರಿನ ನಾಲ್ಕು ಎಕರೆಯ ಪಹಣಿ ಮುಂದಿಟ್ಟರೆ ಮಾತಿನ ತೂಕವೇ ಹೋಗುತ್ತದೆ. ನಿಜವನ್ನು ನಿಜದಂತೆ ಹೇಳುವುದು ಮೇಲು. ಹೊಲ ಇದೆ, ನೌಕರಿ ಇದ್ದಾಗಲೂ ಇತ್ತು, ಅಣ್ಣ ತಮ್ಮಂದಿರ ಜೊತೆ ಜಂಟಿ, ಮಳೆಯಾಶ್ರಿತ ತೊಗರಿ, ನನ್ನ ಪಾಲಿಗೆ ಬಂದದ್ದು ಇಷ್ಟು ಎಂದು ಹೇಳಬೇಕು. ಪಹಣಿಯಲ್ಲಿ ಜಮೀನು ಯಾರದು, ಬೆಳೆ ಯಾವುದು ಎಂದು ಇರುತ್ತದೆ, ಖರ್ಚು ಕಳೆದು ಉಳಿದದ್ದೆಷ್ಟು ಎಂದು ಇರುವುದಿಲ್ಲ. ನೌಕರಿ ಇದ್ದಾಗಲೂ ಬರುತ್ತಿದ್ದ ಹೊಲದ ಆದಾಯ, ನೌಕರಿ ಹೋಯಿತೆಂದು ಹೊಸದಾಗಿ ಹುಟ್ಟಿದ್ದಲ್ಲ ಎಂದು ವಾದಿಸಲು ಆಗ ಎಡೆ ಸಿಗುತ್ತದೆ. ಇದಕ್ಕಾಗಿ ಬೀಜ ಗೊಬ್ಬರದ ಚೀಟಿ, ಅಡತಿಯ ಪಟ್ಟಿ ಇಟ್ಟುಕೊಂಡಿರಬೇಕು.

ಇನ್ನೊಂದು ವಿಷಯ. ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಐತೀರ್ಪಿನ ವಿರುದ್ಧ ಮಾಲೀಕ ಹೈಕೋರ್ಟಿಗೆ ಹೋದರೆ, ವ್ಯಾಜ್ಯ ಮುಗಿಯುವವರೆಗೆ ಕೊನೆಯ ಸಂಬಳದ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಕೊಡಬೇಕು ಎಂದು 17-ಬಿ ಕಲಮು ಹೇಳಿತು. ಇದು 1984ರ ಆಗಸ್ಟ್ 21ರಿಂದ ಬಂದದ್ದು. ಮೂರು ವರ್ಷ ನಡೆದರೆ ನಮ್ಮ ನೌಕರನಿಗೆ 36 ತಿಂಗಳಿಗೆ 3,60,000. ಇದಕ್ಕೆ ತಾನು ಯಾವ ಸಂಸ್ಥೆಯಲ್ಲೂ ನೌಕರಿಯಲ್ಲಿಲ್ಲ ಎಂದು ಆತ ಅಫಿಡವಿಟ್ ಹಾಕಬೇಕು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದ ಮೇಲೆ ಇಂಥ ಅರ್ಜಿಗೆ ಬೆಂಗಳೂರಿಗೆ ಹೋಗುವ ತಾಪತ್ರಯ ತಪ್ಪಿತು.

ಕೆಲಸದ ಬದಲು ಇಡಿಗಂಟು

ತೆಗೆದದ್ದು ತಪ್ಪು ಎಂದಾದರೂ ಕೆಲಸ ಸಿಗದೆ ಹಣವಷ್ಟೇ ಸಿಗುವುದುಂಟು. ಕಾರ್ಖಾನೆಯೇ ಮುಚ್ಚಿದ್ದರೆ, ಕೆಲಸಗಾರನಿಗೆ ನಿವೃತ್ತಿಯ ವಯಸ್ಸು ದಾಟಿದ್ದರೆ ಮರಳಿ ಹೋಗಲು ಜಾಗವೇ ಇರುವುದಿಲ್ಲ. ಇದು ಯಾರಿಗಾದರೂ ಅರ್ಥವಾಗುತ್ತದೆ. ಹೆಚ್ಚು ಜನ ಎಡವುವುದು ದಿನಗೂಲಿಯ ವಿಷಯದಲ್ಲಿ.

ಒಂದು ವರ್ಷದಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು ಎಂದು 25-ಎಫ್ ಕಲಮು ಹೇಳಿತು. ಕೊಡದೆ ತೆಗೆದರೆ ಅದು ಕಾನೂನುಬಾಹಿರ. ಮೊದಲೆಲ್ಲ ಇಷ್ಟಾದರೆ ಕೆಲಸ ಮರಳುತ್ತಿತ್ತು. 2006ರಲ್ಲಿ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ನೇಮಕಾತಿ ನಿಯಮ ಬಿಟ್ಟು ಬಂದ ದಿನಗೂಲಿಯವರಿಗೆ ಸರ್ಕಾರಿ ಕೆಲಸ ಕಾಯಂ ಆಗುವ ಹಕ್ಕಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಅದರ ನಂತರ ಕೋರ್ಟುಗಳು ಬೇರೆ ರೀತಿ ಯೋಚಿಸತೊಡಗಿದವು. ಇಂದು ಮರಳಿ ತೆಗೆದುಕೊಂಡರೂ ನಾಳೆ ನೋಟಿಸು, ಪರಿಹಾರ ಕೊಟ್ಟು ತೆಗೆಯಬಹುದಾದರೆ ಕೆಲಸ ಕೊಡಿಸಿ ಏನು ಫಲ? 2013ರ ಡಿಸೆಂಬರಿನಲ್ಲಿ ಬಿಎಸ್ಎನ್ಎಲ್‌ನ ದಿನಗೂಲಿಯವನೊಬ್ಬನಿಗೆ ಸುಪ್ರೀಂ ಕೋರ್ಟ್ ಕೆಲಸದ ಬದಲು 3 ಲಕ್ಷ ರೂಪಾಯಿ ಕೊಡಿಸಿದ್ದು ಈ ತರ್ಕದಿಂದಲೇ.

ಆದರೆ ಅದೇ ತೀರ್ಪಿನಲ್ಲಿ ಒಂದು ಬಾಗಿಲು ತೆರೆದಿದೆ. ಇವನ ನಂತರ ಬಂದ ಕಿರಿಯರನ್ನು ಉಳಿಸಿಕೊಂಡು ಇವನನ್ನು ತೆಗೆದಿದ್ದರೆ, ಅಥವಾ ಕಿರಿಯರನ್ನು ಕಾಯಂ ಮಾಡಿ ಇವನನ್ನು ಬಿಟ್ಟಿದ್ದರೆ, ಕೆಲಸವನ್ನೇ ಕೊಡಿಸುವುದು ಸಾಮಾನ್ಯ ನಿಯಮ. ಹಾಗಾಗಿ ದಿನಗೂಲಿಯವನಿಗೆ ತನ್ನ ಹಾಜರಿ ಎಷ್ಟು ಮುಖ್ಯವೋ, ತನ್ನ ನಂತರ ಬಂದು ಇನ್ನೂ ಉಳಿದವರು ಯಾರು ಎಂಬ ಪಟ್ಟಿಯೂ ಅಷ್ಟೇ ಮುಖ್ಯ.

ಕಂಡಕ್ಟರನ ಟಿಕೆಟ್ ಹಣದ ವಿಷಯ ಇದರಿಂದ ಬೇರೆ. 2006ರಲ್ಲಿ ನಮ್ಮದೇ ಸಾರಿಗೆ ಸಂಸ್ಥೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಜಾವನ್ನೇ ಎತ್ತಿಹಿಡಿಯಿತು. ಹಣ ಚಿಕ್ಕದೋ ದೊಡ್ಡದೋ ಮುಖ್ಯವಲ್ಲ, ಹೋದದ್ದು ನಂಬಿಕೆ ಎಂಬುದು ಅಲ್ಲಿನ ನಿಲುವು. ಆರೋಪ ಸಾಬೀತಾಗಿ ವಜಾ ಉಳಿದರೆ ಕೆಲಸವೂ ಇಲ್ಲ, ಹಿಂಬಾಕಿಯೂ ಇಲ್ಲ, ಇಡಿಗಂಟೂ ಇಲ್ಲ.

ಈಗ ಎಲ್ಲಿಗೆ ಹೋಗಬೇಕು

1988ರ ರಾಜ್ಯ ತಿದ್ದುಪಡಿಯಿಂದ ಕರ್ನಾಟಕದ ಕೆಲಸಗಾರ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಸಿಮೆಂಟ್ ಕಾರ್ಖಾನೆ ಮತ್ತು ಗಣಿಗಳ ವಿವಾದ ಮಾತ್ರ ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳ ದಾರಿಯಲ್ಲಿ ಸಾಗುತ್ತಿತ್ತು. ವಾಡಿಯವನಿಗೂ ಡಿಪೋದವನಿಗೂ ಮೆಟ್ಟಿಲು ಬೇರೆ ಬೇರೆ ಆದದ್ದು ಹೀಗೆ. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಕಾರ್ಮಿಕ ನ್ಯಾಯಾಲಯದ ಜಾಗಕ್ಕೆ ಇಬ್ಬರು ಸದಸ್ಯರ ಕೈಗಾರಿಕಾ ನ್ಯಾಯಮಂಡಳಿ ಎಂಬ ಏರ್ಪಾಡು ಅದರಲ್ಲಿದೆ, ಸಂಧಾನಕ್ಕೆ ಹೋಗಲು ಎರಡು ವರ್ಷದ ಗಡುವೂ ಇದೆ. ಕಲಮುಗಳ ಸಂಖ್ಯೆ ಬದಲಾಗಿವೆ. ತಪ್ಪಾಗಿ ತೆಗೆದವನಿಗೆ ಕೆಲಸ ಕೊಡಿಸುವ ಅಧಿಕಾರ ಮಾತ್ರ ಉಳಿದಿದೆ.

ಐತೀರ್ಪು ಕೈಗೆ ಬಂದಾಗ ಕೊನೆಯ ಪ್ಯಾರಾದಲ್ಲಿ ಮೂರು ಮಾತು ಹುಡುಕಿ. ಮರಳಿ ಕೆಲಸಕ್ಕೆ ಎಂದಿದೆಯೇ, ಸೇವೆಯ ನಿರಂತರತೆ ಎಂದಿದೆಯೇ, ಹಿಂಬಾಕಿ ನೂರಕ್ಕೆ ಎಷ್ಟು ಎಂದಿದೆ. ನಿರಂತರತೆ ಎಂಬ ಒಂದು ಪದ ಬಿಟ್ಟುಹೋಗಿದ್ದರೆ ನಿವೃತ್ತಿಯ ದಿನ ಗ್ರಾಚ್ಯುಟಿಯ ಲೆಕ್ಕದಲ್ಲಿ ಆ ಆರು ವರ್ಷಕ್ಕೂ ಜಗಳ ಏಳುತ್ತದೆ.